ಅರಬಿ ಮೆನು ಇರುವ ಟ್ಯಾಬ್‌ನಲ್ಲಿ ಮಗುವಿನ ಸ್ಕ್ರೀನ್ ಟೈಮ್‌ಗೆ ಮಿತಿ ಹಾಕುವುದು ಹೇಗೆ?

ನಮ್ಮ ಕಾಸರಗೋಡು ಕಡೆ ಟ್ಯಾಬ್ ಅಂಗಡಿಯಿಂದಲೇ ಬರಬೇಕೆಂದಿಲ್ಲ. ರಜೆಗೆ ಊರಿಗೆ ಬರುವವರ ಪೆಟ್ಟಿಗೆಯಲ್ಲಿ, ಚಾಕಲೇಟ್ ಮತ್ತು ಖರ್ಜೂರದ ಜೊತೆ ಬರುವುದೂ ಉಂಟು. ಹಾಗೆ ಬಂದ ಟ್ಯಾಬ್ ಕೆಲವೊಮ್ಮೆ ಅರಬಿ ಭಾಷೆಯಲ್ಲೇ ಇರುತ್ತದೆ. ಮಗುವಿಗೆ ಅದರಿಂದ ತೊಂದರೆಯೇ ಇಲ್ಲ. ಯೂಟ್ಯೂಬ್‌ನ ಕೆಂಪು ಗುರುತು ಎಲ್ಲಿದೆ ಅಂತ ಗೊತ್ತಾದರೆ ಅದಕ್ಕೆ ಸಾಕು. ತೊಂದರೆ ಇರುವುದು ಮಿತಿ ಹಾಕಬೇಕಾದ ದೊಡ್ಡವರಿಗೆ. ಸೆಟ್ಟಿಂಗ್ಸ್ ತೆರೆದರೆ ಬಲದಿಂದ ಎಡಕ್ಕೆ ಹರಿಯುವ ಅಕ್ಷರ, ಯಾವುದನ್ನು ಒತ್ತಿದರೆ ಎಂತ ಆಗುತ್ತದೋ ಅಂತ ಹೆದರಿಕೆ.

ಬದಿಯಡ್ಕದಲ್ಲಿರುವ ನನ್ನ ಅಕ್ಕನ ಮನೆಯ ಟ್ಯಾಬ್ ಇದಕ್ಕೆ ಒಳ್ಳೆ ಉದಾಹರಣೆ. ಭಾವ ಶಾರ್ಜಾದಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದದ್ದು. ಸ್ಯಾಮ್‌ಸಂಗ್, ಬರೀ ವೈಫೈ ಇರುವುದು, ಸಿಮ್ ಹಾಕಲು ಜಾಗವಿಲ್ಲ. ಹಳೆಯ ಮಾಲೀಕ ಅರಬಿಯಲ್ಲಿ ಬಳಸುತ್ತಿದ್ದ. ಭಾವ ತನ್ನ ಗೂಗಲ್ ಅಕೌಂಟ್ ಹಾಕಿ, ಮಗನಿಗೆ ನಾಲ್ಕು ಆಟ ಇಳಿಸಿ, ರಜೆ ಮುಗಿಸಿ ವಾಪಸ್ ಹೋದರು. ಮಗ ನಾಲ್ಕನೇ ಕ್ಲಾಸು. ಈ ಟ್ಯಾಬ್‌ನಲ್ಲಿ ಮಾಡಿದ ಕೆಲಸವನ್ನೇ ಹಿಡಿದುಕೊಂಡು ಹೇಳುತ್ತಾ ಹೋಗುತ್ತೇನೆ. ಬೇರೆ ಕಂಪನಿಯ ಆಂಡ್ರಾಯ್ಡ್ ಟ್ಯಾಬ್ ಆದರೂ ದಾರಿ ಹೆಚ್ಚುಕಡಿಮೆ ಇದೇ. ಐಪ್ಯಾಡ್‌ನ ದಾರಿ ಬೇರೆ, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಮೊದಲೇ ಒಂದು ಮಾತು. ಇಡೀ ಅರಬಿ ಮೆನುವನ್ನು ಅರ್ಥ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಮಿತಿಗಳನ್ನು ಹಾಕುವುದು ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್‌ನಲ್ಲಿ, ಅದೂ ನಿಮ್ಮ ಸ್ವಂತ ಫೋನಿನಲ್ಲಿ, ನಿಮಗೆ ಬರುವ ಭಾಷೆಯಲ್ಲಿ. ಟ್ಯಾಬ್‌ನಲ್ಲಿ ನೀವು ಹುಡುಕಬೇಕಾದ ಜಾಗಗಳು ಮೂರೇ: ಭಾಷೆ, ಸಮಯ ವಲಯ, ಅಕೌಂಟ್. ಭಾಷೆಯ ಜಾಗ ಒಂದು ಸಿಕ್ಕಿದರೆ ಉಳಿದೆರಡನ್ನು ಓದಿಕೊಂಡೇ ಹೋಗಬಹುದು.

ಶುರು ಮಾಡುವ ಮೊದಲು ಪ್ಲೇ ಸ್ಟೋರ್ ಇದೆಯಾ ನೋಡಿ

ಹೋಮ್ ಸ್ಕ್ರೀನಿನಲ್ಲಿ ಅಥವಾ ಆ್ಯಪ್‌ಗಳ ಪಟ್ಟಿಯಲ್ಲಿ ಪ್ಲೇ ಸ್ಟೋರ್‌ನ ಬಣ್ಣಬಣ್ಣದ ತ್ರಿಕೋನ ಕಾಣಬೇಕು. ಕಂಡರೆ ಮುಂದಿನದ್ದೆಲ್ಲ ನಿಮಗೆ ಅನ್ವಯಿಸುತ್ತದೆ. ಗಲ್ಫ್‌ನಲ್ಲಿ ವಾವೇ ಕಂಪನಿಯ ಟ್ಯಾಬ್‌ಗಳೂ ಮಾರಾಟವಾಗುತ್ತವೆ. 2019ರಲ್ಲಿ ಅಮೆರಿಕ ನಿರ್ಬಂಧ ಹಾಕಿದ ಮೇಲೆ ಬಂದ ಅದರ ಹೊಸ ಮಾಡೆಲ್‌ಗಳಲ್ಲಿ ಗೂಗಲ್ ಸೇವೆ ಇರುವುದಿಲ್ಲ. ಚೀನಾದ ಮಾರುಕಟ್ಟೆಗೆಂದೇ ಮಾಡಿದ ಟ್ಯಾಬ್‌ಗಳ ಕಥೆಯೂ ಅಷ್ಟೇ. ಅಂಥದ್ದರಲ್ಲಿ ಫ್ಯಾಮಿಲಿ ಲಿಂಕ್ ನಡೆಯುವುದಿಲ್ಲ. ಅವುಗಳ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಭಾಷೆಯ ಜಾಗ ಹುಡುಕುವುದು

ಸ್ಕ್ರೀನಿನ ಮೇಲಿನ ಅಂಚಿನಿಂದ ಬೆರಳನ್ನು ಕೆಳಗೆ ಎಳೆಯಿರಿ. ವೈಫೈ, ಬ್ಲೂಟೂತ್ ಗುಂಡಿಗಳಿರುವ ಪರದೆ ಇಳಿಯುತ್ತದೆ. ಅದರಲ್ಲಿ ಹಲ್ಲುಚಕ್ರದ ಗುರುತು ಇರುತ್ತದೆ, ಅದೇ ಸೆಟ್ಟಿಂಗ್ಸ್. ಸಾಮಾನ್ಯವಾಗಿ ಅದು ಬಲತುದಿಯಲ್ಲಿ ಇರುವುದು ನಮಗೆ ರೂಢಿ. ಅರಬಿಯಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಹಾಗಾಗಿ ಎಡತುದಿಯಲ್ಲಿ ಹುಡುಕಿ.

ಈ ತಿರುವು ಒಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆ. ಟ್ಯಾಬ್ ಅಡ್ಡ ಹಿಡಿದಾಗ ಸೆಟ್ಟಿಂಗ್ಸ್‌ನ ಮುಖ್ಯ ಪಟ್ಟಿ ಬಲಗಡೆ ಇರುತ್ತದೆ, ಅದರ ಒಳಗಿನ ವಿಷಯ ಎಡಗಡೆ. ಹಿಂದೆ ಹೋಗುವ ಬಾಣ ಬಲಕ್ಕೆ ಮುಖ ಮಾಡಿರುತ್ತದೆ. ಆನ್-ಆಫ್ ಗುಂಡಿಗಳೂ ಅಷ್ಟೇ, ಎಡಕ್ಕೆ ಸರಿದಿದ್ದರೆ ಆನ್. ಇದನ್ನು ಜಾಗ ನೋಡಿ ತೀರ್ಮಾನಿಸಬೇಡಿ, ಬಣ್ಣ ನೋಡಿ. ಬಣ್ಣ ತುಂಬಿದ್ದರೆ ಆನ್, ಬೂದು ಇದ್ದರೆ ಆಫ್.

ಸ್ಯಾಮ್‌ಸಂಗ್‌ನಲ್ಲಿ ಭಾಷೆ ಇರುವುದು `General management` ಎಂಬ ವಿಭಾಗದ ಒಳಗೆ. ಅರಬಿಯಲ್ಲಿ ಆ ಹೆಸರನ್ನು ಓದಲಾಗದಿದ್ದರೂ ಅದರ ಗುರುತು ಹಿಡಿಯಬಹುದು: ಅಡ್ಡಗೆರೆಗಳ ಮೇಲೆ ಸಣ್ಣ ಗುಂಡಿಗಳು ಜಾರಿಸಿದಂಥ ಚಿತ್ರ. ಪಟ್ಟಿಯ ಕೊನೆಯಿಂದ ಹುಡುಕುತ್ತಾ ಮೇಲೆ ಬನ್ನಿ, ಬೇಗ ಸಿಗುತ್ತದೆ. ಒಳಗೆ ಹೋದರೆ ಮೇಲ್ಭಾಗದಲ್ಲೇ ಭಾಷೆಯ ಸಾಲು ಇರುತ್ತದೆ. ಅದರಲ್ಲಿ ಈ ಅಕ್ಷರಗಳಿವೆಯಾ ನೋಡಿ:

```
اللغة
```

ಬೇರೆ ಕಂಪನಿಯ ಟ್ಯಾಬ್‌ಗಳಲ್ಲಿ ಭಾಷೆ ಇರುವುದು `System` ವಿಭಾಗದಲ್ಲಿ, ಅದು ಸೆಟ್ಟಿಂಗ್ಸ್ ಪಟ್ಟಿಯ ಕೊನೆಯ ಕೆಲವು ಸಾಲುಗಳಲ್ಲೇ ಇರುತ್ತದೆ. ಅದರ ಒಳಗೆ ಭಾಷೆಯ ಸಾಲಿನ ಪಕ್ಕ ಸಾಮಾನ್ಯವಾಗಿ ಭೂಗೋಳದ ಚಿತ್ರ ಕಾಣುತ್ತದೆ.

ಅಕ್ಷರ ಹೋಲಿಸಿ ನೋಡುವುದು ಕಷ್ಟ ಅನಿಸಿದರೆ ನಿಮ್ಮ ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ತೆರೆಯಿರಿ. ಮೂಲ ಭಾಷೆ ಅರಬಿ, ಗುರಿ ಭಾಷೆ ಕನ್ನಡ ಮಾಡಿ, ಕ್ಯಾಮೆರಾ ಗುರುತು ಒತ್ತಿ ಟ್ಯಾಬ್‌ನ ಸ್ಕ್ರೀನಿಗೆ ಹಿಡಿಯಿರಿ. ಕೈ ಅಲುಗಾಡಿದರೆ ಅಕ್ಷರಗಳು ಕುಣಿಯುತ್ತವೆ, ಆದ್ದರಿಂದ ಒಂದು ಫೋಟೋ ತೆಗೆದು ಅದನ್ನು ಅನುವಾದಿಸುವುದು ಒಳ್ಳೆಯದು. ಕನ್ನಡ ಸ್ವಲ್ಪ ವಿಚಿತ್ರವಾಗಿ ಬರಬಹುದು. ಪರವಾಗಿಲ್ಲ, ಸಾಲು ಯಾವುದು ಅಂತ ಗೊತ್ತಾದರೆ ಸಾಕಲ್ವಾ. ಪಕ್ಕದ ಮನೆಯಲ್ಲಿ ಮದ್ರಸಕ್ಕೆ ಹೋಗುವ ಮಕ್ಕಳಿದ್ದರೆ ಅವರೂ ಓದಿ ಹೇಳಿಯಾರು. ಅವರು ಕಲಿಯುವುದು ಸ್ವರಚಿಹ್ನೆ ಹಾಕಿದ ಅರಬಿ, ಮೆನುವಿನಲ್ಲಿ ಆ ಚಿಹ್ನೆ ಇರುವುದಿಲ್ಲ, ಹಾಗಾಗಿ ಸ್ವಲ್ಪ ತಡವರಿಸುತ್ತಾರೆ ಅಷ್ಟೇ.

ಭಾಷೆಯ ಪುಟ ತೆರೆದ ಮೇಲೆ ಕೂಡಿಸುವ ಚಿಹ್ನೆ, ಅಂದರೆ `+` ಇರುವ ಸಾಲನ್ನು ಒತ್ತಿ. ಆಗ ಉದ್ದದ ಪಟ್ಟಿ ಬರುತ್ತದೆ. ಇಲ್ಲಿಂದ ಮುಂದೆ ಸುಲಭ, ಏಕೆಂದರೆ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿ ಇರುತ್ತದೆ. `English` ಅಂತಲೇ ಇರುತ್ತದೆ, `ಕನ್ನಡ` ಅಂತಲೇ ಇರುತ್ತದೆ. ಆರಿಸಿದ ಕೂಡಲೇ ಒಂದು ಚಿಕ್ಕ ಪೆಟ್ಟಿಗೆ ಬಂದು ಎರಡು ಆಯ್ಕೆ ಕೊಡಬಹುದು: ಹೊಸ ಭಾಷೆಯನ್ನು ಮುಖ್ಯ ಭಾಷೆ ಮಾಡುವುದು, ಇಲ್ಲವೇ ಈಗಿನದ್ದನ್ನೇ ಉಳಿಸುವುದು. ಮೊದಲನೆಯದು ಬೇಕು. ಯಾವುದು ಅಂತ ತಿಳಿಯದಿದ್ದರೆ ಒಂದನ್ನು ಒತ್ತಿ. ಮೆನು ಬದಲಾಗದಿದ್ದರೆ ಅದು ತಪ್ಪು ಆಯ್ಕೆ. ಆಗಲೂ ಏನೂ ಹಾಳಾಗಿಲ್ಲ, ಹೊಸ ಭಾಷೆ ಪಟ್ಟಿಯಲ್ಲಿ ಎರಡನೆಯದಾಗಿ ಕೂತಿರುತ್ತದೆ, ಅದನ್ನೇ ಮುಖ್ಯ ಭಾಷೆ ಮಾಡಿದರೆ ಆಯಿತು.

ಎಚ್ಚರ ಬೇಕಾದದ್ದು ಒಂದೇ ಕಡೆ. ಸ್ಯಾಮ್‌ಸಂಗ್‌ನ ಇದೇ ವಿಭಾಗದ ಕೆಳಗಡೆ ರಿಸೆಟ್ ಸಾಲೂ ಇರುತ್ತದೆ. ಅದನ್ನು ಬರೀ ತೆರೆದರೆ ಏನೂ ಆಗುವುದಿಲ್ಲ, ಆದರೆ ಒಳಗೆ ಹೋಗಿ ಸಿಕ್ಕಿದ್ದನ್ನು ಒತ್ತುತ್ತಾ ಹೋಗಬೇಡಿ. ಭಾಷೆ ಸಿಗುವುದು ಮೇಲೆ, ಕೆಳಗೆ ಇಳಿಯುವ ಕೆಲಸವಿಲ್ಲ. ಇನ್ನು ಯಾವುದೇ ಪೆಟ್ಟಿಗೆ ಬಂದು ಹೆದರಿಕೆಯಾದರೆ ಈ ಪದವನ್ನು ಹುಡುಕಿ ಒತ್ತಿ, ಇದು ರದ್ದು ಮಾಡುವ ಗುಂಡಿ:

```
إلغاء
```

ಕನ್ನಡ ಹಾಕಬೇಕಾ, ಇಂಗ್ಲಿಷಾ? ಅಕ್ಕ ಕನ್ನಡವೇ ಬೇಕು ಅಂದಳು. ನನ್ನ ಅಭಿಪ್ರಾಯದಲ್ಲಿ ಕೆಲಸ ಮುಗಿಯುವ ತನಕ ಇಂಗ್ಲಿಷ್ ಇಟ್ಟುಕೊಳ್ಳಿ, ಆಮೇಲೆ ಕನ್ನಡಕ್ಕೆ ತನ್ನಿ. ಮೆನುವಿನ ಕನ್ನಡ ಒಂದೊಂದು ಕಂಪನಿಯದ್ದು ಒಂದೊಂದು ಥರ. ಫೋನಿನಲ್ಲಿ ಯಾರನ್ನಾದರೂ ಕೇಳಿ ಮಾಡುವಾಗ ಇಬ್ಬರಿಗೂ ಒಂದೇ ಹೆಸರು ಗೊತ್ತಿದ್ದರೆ ಸಲೀಸು. ಈ ಲೇಖನದಲ್ಲೂ ಅದಕ್ಕೇ ಸ್ಕ್ರೀನಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದೇನೆ.

ಟ್ಯಾಬ್ ಇನ್ನೂ ಪೆಟ್ಟಿಗೆಯಲ್ಲೇ ಇದ್ದು ಯಾರೂ ಬಳಸಿಲ್ಲ ಅಂತಾದರೆ ಇಷ್ಟೆಲ್ಲ ಬೇಡ. ಮೊದಲ ಸಲ ಆನ್ ಮಾಡಿದಾಗ ಬರುವ ಸ್ವಾಗತದ ಪುಟದಲ್ಲೇ ಭಾಷೆ ಆರಿಸಬಹುದು. ಹಾಗೆಯೇ ಇಲ್ಲಿನ ಅಂಗಡಿಯಲ್ಲಿ ತೆಗೆದು ಮಲಯಾಳಂ ಮೆನು ಹಾಕಿಕೊಟ್ಟಿದ್ದರೆ ಹುಡುಕಬೇಕಾದ ಪದ `ഭാഷ`. ದಾರಿ ಅದೇ, ಎಡಬಲ ತಿರುಗುವ ರಗಳೆಯೂ ಇಲ್ಲ.

ಸಮಯ ವಲಯ: ಇದನ್ನು ಬಿಟ್ಟರೆ ಮಿತಿ ತಪ್ಪು ಹೊತ್ತಿಗೆ ಬೀಳುತ್ತದೆ

ಗಲ್ಫ್‌ನಿಂದ ಬಂದ ಟ್ಯಾಬ್‌ನಲ್ಲಿ ಎಷ್ಟೋ ಜನ ಗಮನಿಸದ ವಿಷಯ ಇದು. ಸಿಮ್ ಇರುವ ಫೋನು ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಭಾರತದ ಸಮಯಕ್ಕೆ ಬರುತ್ತದೆ, ಏಕೆಂದರೆ ಅದು ಯಾವ ದೇಶದಲ್ಲಿದೆ ಅಂತ ಮೊಬೈಲ್ ನೆಟ್‌ವರ್ಕ್ ತಿಳಿಸುತ್ತದೆ. ಬರೀ ವೈಫೈ ಇರುವ ಟ್ಯಾಬ್‌ಗೆ ಹಾಗೆ ತಿಳಿಸುವವರು ಇಲ್ಲ. ಲೊಕೇಶನ್ ನೋಡಿ ವಲಯ ಬದಲಿಸುವ ಸೌಲಭ್ಯ ಅದರಲ್ಲಿ ಇದ್ದು, ಅದು ಆನ್ ಆಗಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಇಂಟರ್ನೆಟ್‌ನಿಂದ ನಿಮಿಷ, ಸೆಕೆಂಡ್ ಸರಿ ಮಾಡಿಕೊಂಡರೂ ವಲಯ ಮಾತ್ರ ಹಳೆಯದ್ದೇ ಉಳಿಯುತ್ತದೆ.

ಯುಎಇ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಮಲಗುವ ಹೊತ್ತಿನ ಬೀಗವನ್ನು ಟ್ಯಾಬ್ ತನ್ನ ಗಡಿಯಾರ ನೋಡಿಕೊಂಡು ಹಾಕುತ್ತದೆ. ಅಂದರೆ ರಾತ್ರಿ 9ಕ್ಕೆ ಮುಚ್ಚಬೇಕು ಅಂತ ನೀವು ಹಾಕಿದರೆ, ಶಾರ್ಜಾ ಸಮಯದಲ್ಲಿರುವ ಟ್ಯಾಬ್ ಮುಚ್ಚುವುದು ನಮ್ಮ ರಾತ್ರಿ 10:30ಕ್ಕೆ. ಬೆಳಿಗ್ಗೆ 6:30ಕ್ಕೆ ತೆರೆಯಬೇಕಾದದ್ದು 8 ಗಂಟೆಗೆ ತೆರೆಯುತ್ತದೆ. ದಿನದ ಲೆಕ್ಕ ಹೊಸದಾಗಿ ಶುರುವಾಗುವ ಹೊತ್ತೂ ಇದೇ ರೀತಿ ಸರಿಯುತ್ತದೆ. ಅಕ್ಕನ ಟ್ಯಾಬ್‌ನ ಗಡಿಯಾರವೂ ಗೋಡೆಯ ಗಡಿಯಾರಕ್ಕಿಂತ ಸರಿಯಾಗಿ ಒಂದೂವರೆ ಗಂಟೆ ಹಿಂದೆ ಇತ್ತು. "ಅದು ಸುಮ್ನೆ ತಪ್ಪು ತೋರಿಸ್ತದೆ, ನಾವು ಅದರಲ್ಲಿ ಗಂಟೆ ನೋಡುವುದಿಲ್ಲ" ಅಂದಳು ಅಕ್ಕ. ನಾವು ನೋಡದಿದ್ದರೂ ಬೀಗ ಅದನ್ನೇ ನೋಡುತ್ತದಲ್ಲ.

ಸ್ಯಾಮ್‌ಸಂಗ್‌ನಲ್ಲಿ `General management` ಒಳಗೆ `Date and time` ತೆರೆಯಿರಿ. ಆಟೋಮ್ಯಾಟಿಕ್ ಗುಂಡಿ ಆಫ್ ಮಾಡಿದರೆ ವಲಯ ಆರಿಸುವ ಸಾಲು ಜೀವ ಪಡೆಯುತ್ತದೆ. ಅದರಲ್ಲಿ ಭಾರತ ಅಥವಾ ಕೋಲ್ಕತಾ ಹುಡುಕಿ, ಪಕ್ಕದಲ್ಲಿ `GMT+05:30` ಕಾಣಬೇಕು. ಆಮೇಲೆ ಆಟೋಮ್ಯಾಟಿಕ್ ಮತ್ತೆ ಆನ್ ಮಾಡಿ, ಗಡಿಯಾರ ಹಿಂದಕ್ಕೆ ಜಾರಲಿಲ್ಲವಲ್ಲ ಅಂತ ಒಮ್ಮೆ ನಿಮ್ಮ ಫೋನಿನ ಜೊತೆ ಹೋಲಿಸಿ.

ಹಳೆಯ ಅಕೌಂಟ್ ತೆಗೆಯುವುದು

ಟ್ಯಾಬ್‌ನಲ್ಲಿ ಅಪ್ಪನದ್ದೋ ಮಾವನದ್ದೋ ಗೂಗಲ್ ಅಕೌಂಟ್ ಹಾಗೇ ಉಳಿದರೆ ಮಗುವಿಗೆ ಹಾಕಿದ ಮಿತಿಯಲ್ಲಿ ತೂತು ಬಿದ್ದಂತೆ. ಯೂಟ್ಯೂಬ್‌ನಲ್ಲಿ ಮೂಲೆಯ ಫೋಟೋ ಒತ್ತಿ ದೊಡ್ಡವರ ಅಕೌಂಟ್‌ಗೆ ಬದಲಾಯಿಸಿದರೆ ಮಕ್ಕಳಿಗೆಂದು ಹಾಕಿದ ಸೋಸುವಿಕೆ ಅಲ್ಲಿ ಇರುವುದಿಲ್ಲ. ಮಕ್ಕಳು ಇದನ್ನು ಕಂಡುಹಿಡಿಯಲು ಜಾಸ್ತಿ ಹೊತ್ತು ತಗೊಳ್ಳುವುದಿಲ್ಲ.

`Settings` ಒಳಗೆ `Accounts and backup`, ಅದರಲ್ಲಿ `Manage accounts`. ಅಲ್ಲಿ ಕಾಣುವ ಗೂಗಲ್ ಅಕೌಂಟ್ ಒತ್ತಿ `Remove account` ಕೊಡಿ. ಅವರ ಮೇಲ್ ಆಗಲಿ, ಗೂಗಲ್‌ನಲ್ಲಿ ಉಳಿಸಿದ ಫೋಟೋ ಆಗಲಿ ಅಳಿಯುವುದಿಲ್ಲ, ಈ ಟ್ಯಾಬ್‌ನಿಂದ ಮಾತ್ರ ಹೋಗುತ್ತದೆ. ಸ್ಯಾಮ್‌ಸಂಗ್ ಅಕೌಂಟ್ ಬೇರೆ ಇದ್ದರೆ ಅದನ್ನೂ ಅದರ ಯಜಮಾನರಿಂದಲೇ ತೆಗೆಸಿ, ಪಾಸ್‌ವರ್ಡ್ ಕೇಳುತ್ತದೆ. ಲಾಕ್ ಸ್ಕ್ರೀನಿನಲ್ಲಿ ಅಥವಾ ಮೇಲಿನ ಪರದೆಯಲ್ಲಿ ಮನುಷ್ಯನ ತಲೆಯ ಗುರುತು ಇದೆಯಾ ಅಂತಲೂ ನೋಡಿ. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಒಬ್ಬರಿಗಿಂತ ಹೆಚ್ಚು ಬಳಕೆದಾರರನ್ನು ಮಾಡಬಹುದು. ಹಳೆಯ ಮಾಲೀಕನ ಎರಡನೇ ಬಳಕೆದಾರ ಉಳಿದಿದ್ದರೆ ಅಳಿಸಿಬಿಡಿ.

"ಇಷ್ಟೆಲ್ಲ ಯಾಕೆ, ಪೂರ್ತಿ ರಿಸೆಟ್ ಮಾಡಿದರೆ ಆಗುವುದಿಲ್ಲವಾ?" ಅಂತ ಕೇಳುವವರಿದ್ದಾರೆ. ಆಗುತ್ತದೆ, ಕೆಲವೊಮ್ಮೆ ಅದೇ ಚಂದ. ಆದರೆ ಪವರ್ ಗುಂಡಿ, ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ರಿಸೆಟ್ ಮಾಡುವ ವಿಡಿಯೋ ನೋಡಿ ಅದನ್ನೇ ಮಾಡಬೇಡಿ. ಅಕೌಂಟ್ ತೆಗೆಯದೆ ಹಾಗೆ ರಿಸೆಟ್ ಮಾಡಿದರೆ ಟ್ಯಾಬ್ ಕದ್ದ ಮಾಲು ಇರಬಹುದು ಅಂತ ಭಾವಿಸಿಕೊಂಡು ಹಳೆಯ ಗೂಗಲ್ ಅಕೌಂಟ್‌ನ ಪಾಸ್‌ವರ್ಡ್ ಕೇಳಿ ಅಲ್ಲಿಗೇ ನಿಲ್ಲುತ್ತದೆ. ಈ ರಕ್ಷಣೆ 2015ರಲ್ಲಿ ಆಂಡ್ರಾಯ್ಡ್ 5.1 ಬಂದಾಗಿನಿಂದ ಇದೆ. ಭಾವ ಶಾರ್ಜಾದಲ್ಲಿ ಕೆಲಸದಲ್ಲಿ, ಒಟಿಪಿ ಹೋಗುವುದು ಅಲ್ಲಿನ ಸಿಮ್ಮಿಗೆ, ಟ್ಯಾಬ್ ಬದಿಯಡ್ಕದಲ್ಲಿ. ಆಮೇಲೆ ರಾತ್ರಿ ತನಕ ಕಾಯಬೇಕು. ಮೊದಲು ಅಕೌಂಟ್ ತೆಗೆಯಿರಿ, ಆಮೇಲೆ ಬೇಕಿದ್ದರೆ ಸೆಟ್ಟಿಂಗ್ಸ್ ಒಳಗಿನಿಂದಲೇ ರಿಸೆಟ್ ಮಾಡಿ. ರಿಸೆಟ್ ಮಾಡುವ ಮುಂಚೆ ಬೇಕಾದ ಫೋಟೋ, ವಿಡಿಯೋ ಬೇರೆ ಕಡೆ ಇಳಿಸಿಕೊಳ್ಳಿ. ರಿಸೆಟ್ ಆದ ಟ್ಯಾಬ್ ಸ್ವಾಗತದ ಪುಟದಲ್ಲಿ ಭಾಷೆಯನ್ನು ಮತ್ತೆ ಕೇಳುತ್ತದೆ.

ಯಾರ ಫೋನಿನಲ್ಲಿ ಫ್ಯಾಮಿಲಿ ಲಿಂಕ್?

ಭಾವನಿಗೆ ತಾನೇ ಶಾರ್ಜಾದಿಂದ ಎಲ್ಲವನ್ನೂ ನೋಡಿಕೊಳ್ಳಬೇಕು ಅಂತ ಆಸೆ. ಇಂಟರ್ನೆಟ್ ಇದ್ದರೆ ಎಲ್ಲಿಂದಲಾದರೂ ಮಿತಿ ಬದಲಿಸಬಹುದು ಅನ್ನುವುದು ನಿಜ. ಆದರೆ ಗೂಗಲ್‌ನ ಒಂದು ನಿಯಮ ಇಲ್ಲಿ ಅಡ್ಡ ಬರುತ್ತದೆ. ಒಂದು ಫ್ಯಾಮಿಲಿ ಗ್ರೂಪಿನಲ್ಲಿರುವವರು ಅದನ್ನು ನಡೆಸುವವರ ದೇಶದಲ್ಲೇ ವಾಸವಿರಬೇಕು. ಗಲ್ಫ್‌ನಲ್ಲಿರುವವರ ಅಕೌಂಟ್ ಎಷ್ಟೋ ಸಲ ಅಲ್ಲಿನ ದೇಶಕ್ಕೆ ಸೇರಿಕೊಂಡಿರುತ್ತದೆ, ಅದರಲ್ಲೂ ಅಲ್ಲಿನ ಕಾರ್ಡ್ ಹಾಕಿ ಪ್ಲೇ ಸ್ಟೋರ್‌ನಲ್ಲಿ ಏನಾದರೂ ಕೊಂಡಿದ್ದರೆ. ಅವರೇ ಗ್ರೂಪ್ ಶುರು ಮಾಡಿ ಊರಲ್ಲಿರುವ ಮಗುವನ್ನು, ಹೆಂಡತಿಯನ್ನು ಸೇರಿಸಲು ಹೋದಾಗ ತೊಡಕಾಗುತ್ತದೆ.

ಹಾಗಾಗಿ ಮಗುವಿನ ಜೊತೆ ಊರಲ್ಲಿ ಇರುವವರ ಫೋನೇ ಸರಿ. ಸಂಜೆ ಐದಕ್ಕೆ "ಅಮ್ಮಾ, ಇನ್ನು ಹತ್ತು ನಿಮಿಷ" ಅನ್ನುವ ಮಾತು ಕೇಳಿಸಿಕೊಳ್ಳುವವರೂ ಅವರೇ ತಾನೇ. ಅಕ್ಕನ ಫೋನಿನಲ್ಲಿ ಮಾಡಿದ್ದು ಹೀಗೆ.

1. ಪ್ಲೇ ಸ್ಟೋರ್‌ನಿಂದ `Google Family Link` ಇಳಿಸಿ, ಅಕ್ಕನ ಗೂಗಲ್ ಅಕೌಂಟ್‌ನಲ್ಲಿ ತೆರೆದೆವು.
2. ಮಗುವನ್ನು ಸೇರಿಸುವ ಆಯ್ಕೆಯಲ್ಲಿ ಹೊಸ ಅಕೌಂಟ್ ಮಾಡಿದೆವು. ಹೆಸರು, ಹುಟ್ಟಿದ ದಿನ, ಹೊಸ ಜಿಮೇಲ್ ವಿಳಾಸ, ಪಾಸ್‌ವರ್ಡ್. ಹುಟ್ಟಿದ ವರ್ಷ ನಿಜವಾದದ್ದನ್ನೇ ಕೊಡಿ. ಮಗುವಿಗೆ ದೊಡ್ಡವರ ವಯಸ್ಸು ಹಾಕಿ ಅಕೌಂಟ್ ಮಾಡಿದರೆ ಅದು ದೊಡ್ಡವರ ಅಕೌಂಟೇ ಆಗುತ್ತದೆ.
3. ಟ್ಯಾಬ್‌ನಲ್ಲಿ `Manage accounts` ಒಳಗೆ `Add account`, ಅದರಲ್ಲಿ `Google` ಆರಿಸಿ ಮಗುವಿನ ಹೊಸ ವಿಳಾಸ ಹಾಕಿದೆವು.
4. ಅದು ಮಗುವಿನ ಅಕೌಂಟ್ ಅಂತ ಗುರುತಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಅಕ್ಕ ತನ್ನ ಪಾಸ್‌ವರ್ಡ್ ಟ್ಯಾಬ್‌ನಲ್ಲಿ ಬರೆದು, ತನ್ನ ಫೋನಿಗೆ ಬಂದ ಪ್ರಶ್ನೆಗೆ ಹೌದು ಅಂದಳು. ಮಗನನ್ನು ಆ ಹೊತ್ತಿಗೆ ಅಂಗಳಕ್ಕೆ ಕಳಿಸಿದ್ದೆವು.
5. ಟ್ಯಾಬ್‌ಗೆ ಒಂದು ಹೆಸರು ಕೊಟ್ಟು, ಅದರಲ್ಲಿರುವ ಆ್ಯಪ್‌ಗಳಲ್ಲಿ ಯಾವುದು ಇರಬಹುದು ಅಂತ ಆರಿಸಿದೆವು.

ಈ ಮೂರನೇ, ನಾಲ್ಕನೇ ಹೆಜ್ಜೆಗಳನ್ನು ಅರಬಿ ಮೆನುವಿನಲ್ಲೇ ಮಾಡಲು ಹೋದವರೂ ಇದ್ದಾರೆ. ಅಸಾಧ್ಯವೇನಲ್ಲ, ಆದರೆ ಒಪ್ಪಿಗೆಯ ಪುಟಗಳಲ್ಲಿ ಉದ್ದುದ್ದ ಬರಹ ಇರುತ್ತದೆ. ಏನಕ್ಕೆ ಹೌದು ಅನ್ನುತ್ತಿದ್ದೇವೆ ಅಂತ ತಿಳಿದಿರಬೇಕಲ್ಲ. ಭಾಷೆ ಮೊದಲು ಅಂತ ನಾನು ಹೇಳುವುದು ಅದಕ್ಕೇ.

ಮಿತಿಗಳನ್ನು ಹಾಕುವುದು

ಇನ್ನು ಟ್ಯಾಬ್ ಕೆಳಗಿಡಿ. ಅಕ್ಕನ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ತೆರೆದು ಮಗನ ಹೆಸರು ಒತ್ತಿದರೆ `Screen time` ಕಾಣುತ್ತದೆ. ಆ್ಯಪ್‌ನ ರೂಪ ಆಗಾಗ ಬದಲಾಗುತ್ತದೆ, ಆದರೆ ಒಳಗಿನ ಹೆಸರುಗಳು ಹೆಚ್ಚಾಗಿ ಇವೇ.

`Daily limit` ಅಂದರೆ ದಿನಕ್ಕೆ ಒಟ್ಟು ಎಷ್ಟು ಹೊತ್ತು. ವಾರದ ಪ್ರತಿ ದಿನಕ್ಕೆ ಬೇರೆ ಬೇರೆ ಹಾಕಬಹುದು. ಅಕ್ಕ ಶಾಲೆಯ ದಿನಗಳಿಗೆ 1 ಗಂಟೆ, ಶನಿವಾರ ಭಾನುವಾರಕ್ಕೆ 2 ಗಂಟೆ ಇಟ್ಟಳು. ಮನೆಯಲ್ಲಿ ಎರಡು ಸಾಧನ ಇದ್ದು ಎರಡರಲ್ಲೂ ಮಗುವಿನ ಅಕೌಂಟ್ ಇದ್ದರೆ ಒಂದು ವಿಷಯ ನೆನಪಿರಲಿ: ಮಿತಿ ಒಂದೊಂದು ಸಾಧನಕ್ಕೆ ಬೇರೆ. ಟ್ಯಾಬ್‌ನಲ್ಲಿ 1 ಗಂಟೆ ಮುಗಿದ ಮೇಲೆ ಹಳೆಯ ಫೋನಿನಲ್ಲಿ ಇನ್ನೊಂದು ಗಂಟೆ ಸಿಗುತ್ತದೆ.

`Downtime` ಅಂದರೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನ ತನಕ ಪೂರ್ತಿ ಬೀಗ. ರಾತ್ರಿ 9ರಿಂದ ಬೆಳಿಗ್ಗೆ 6:30 ಹಾಕಿದೆವು. ದಿನದ ಮಿತಿ ಬಾಕಿ ಇದ್ದರೂ ಈ ಹೊತ್ತಿನಲ್ಲಿ ಟ್ಯಾಬ್ ತೆರೆಯುವುದಿಲ್ಲ.

ಇವೆರಡಕ್ಕಿಂತ ಉಪಯೋಗಕ್ಕೆ ಬರುವುದು ಒಂದೊಂದು ಆ್ಯಪ್‌ಗೆ ಹಾಕುವ ಮಿತಿ ಅನ್ನುವುದು ನನ್ನ ಅನಿಸಿಕೆ. ಇಡೀ ಟ್ಯಾಬ್‌ಗೆ ಒಂದು ಗಂಟೆ ಅಂದರೆ ಮಗ ಆ ಗಂಟೆ ಪೂರ್ತಿ ಯೂಟ್ಯೂಬ್‌ಗೇ ಕೊಡುತ್ತಾನೆ, ಆಮೇಲೆ ಪಾಠದ ವಿಡಿಯೋ ನೋಡಲು ಹೊತ್ತಿಲ್ಲ ಅಂತ ಅಳುತ್ತಾನೆ. ಆ್ಯಪ್‌ಗಳ ಪಟ್ಟಿಯಲ್ಲಿ ಯೂಟ್ಯೂಬ್ ಕಿಡ್ಸ್‌ಗೆ 30 ನಿಮಿಷ ಹಾಕಿ, ನಿಘಂಟು ಆ್ಯಪ್ ಒಂದನ್ನು ಯಾವಾಗಲೂ ತೆರೆದಿರುವಂತೆ ಬಿಟ್ಟೆವು. ಹಾಗೆ ಬಿಟ್ಟ ಆ್ಯಪ್ ದಿನದ ಮಿತಿ ಮುಗಿದ ಮೇಲೂ ನಡೆಯುತ್ತದೆ. ಆದ್ದರಿಂದ ಈ ಸೌಲಭ್ಯವನ್ನು ಕೈ ಬಿಗಿ ಹಿಡಿದು ಕೊಡಿ. ಬ್ರೌಸರ್‌ಗೆ ಕೊಟ್ಟರೆ ಮಿತಿ ಹಾಕಿ ಏನೂ ಉಪಯೋಗವಿಲ್ಲ, ಯೂಟ್ಯೂಬ್ ಅದರ ಒಳಗೂ ತೆರೆಯುತ್ತದೆ.

ನೆಂಟರು ಬಂದ ದಿನವೋ, ಜ್ವರ ಬಂದು ಮಲಗಿದ ದಿನವೋ ಸ್ವಲ್ಪ ಸಡಿಲ ಬೇಕಾದರೆ ಮಿತಿಯನ್ನೇ ತೆಗೆಯಬೇಡಿ. ಆ ದಿನಕ್ಕೆ ಮಾತ್ರ ಹೆಚ್ಚುವರಿ ಸಮಯ ಕೊಡುವ ಗುಂಡಿ ಇದೆ. ತೆಗೆದ ಮಿತಿಯನ್ನು ಮತ್ತೆ ಹಾಕಲು ಮರೆಯುವುದೇ ಜಾಸ್ತಿ.

ಕೆಲಸ ಮಾಡುತ್ತಿದೆಯಾ ಅಂತ ನೋಡುವುದು

ರಾತ್ರಿ 9ರ ತನಕ ಕಾಯಬೇಕಿಲ್ಲ. ಟ್ಯಾಬ್ ಆನ್ ಆಗಿ ವೈಫೈಯಲ್ಲಿರಲಿ. ಫ್ಯಾಮಿಲಿ ಲಿಂಕ್‌ನಲ್ಲಿ ಆ ಟ್ಯಾಬ್ ಪಕ್ಕ ಇರುವ ಲಾಕ್ ಆಯ್ಕೆ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಟ್ಯಾಬ್‌ಗೆ ಬೀಗ ಬಿದ್ದರೆ ಜೋಡಣೆ ಸರಿಯಾಗಿದೆ ಅಂತ ಅರ್ಥ. ಬೀಳದಿದ್ದರೆ ಮೊದಲು ವೈಫೈ ನೋಡಿ. ಅದು ಸರಿ ಇದ್ದರೆ ಟ್ಯಾಬ್‌ನ `Manage accounts` ಒಳಗೆ ಮಗುವಿನ ಅಕೌಂಟ್ ನಿಜಕ್ಕೂ ಇದೆಯಾ, ಪಕ್ಕದಲ್ಲಿ ಬೇರೆ ಅಕೌಂಟ್ ಉಳಿದಿದೆಯಾ ನೋಡಿ.

ವೈಫೈ ಇಲ್ಲದಾಗ ಏನಾಗುತ್ತದೆ? ಮಳೆಗಾಲದಲ್ಲಿ ನಮ್ಮಲ್ಲಿ ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಕೊನೆಯ ಸಲ ಟ್ಯಾಬ್‌ಗೆ ತಲುಪಿದ ಮಿತಿ ಹಾಗೇ ಮುಂದುವರಿಯುತ್ತದೆ, ಹೊಸ ಬದಲಾವಣೆ ಮಾತ್ರ ತಲುಪುವುದಿಲ್ಲ. ವೈಫೈ ಆಫ್ ಮಾಡಿದರೆ ಬೀಗ ಬಿಚ್ಚುತ್ತದೆ ಅಂತ ಮಗು ಅಂದುಕೊಂಡಿದ್ದರೆ ಅದು ನಡೆಯುವುದಿಲ್ಲ. ತಿರುಗಿ ನಿಮಗೇ ಟ್ಯಾಬ್ ತೆರೆಯಬೇಕಾಗಿ ಬಂದರೆ ಫ್ಯಾಮಿಲಿ ಲಿಂಕ್‌ನಲ್ಲಿ ಪೋಷಕರ ಕೋಡ್ ಅಂತ ಅಂಕೆಗಳು ಸಿಗುತ್ತವೆ, ಅದನ್ನು ಬೀಗ ಬಿದ್ದ ಸ್ಕ್ರೀನಿನಲ್ಲಿ ಹಾಕಬಹುದು. ಕೋಡ್ ಕೆಲವೇ ಹೊತ್ತು ನಡೆಯುತ್ತದೆ, ಮಗು ನೆನಪಿಟ್ಟುಕೊಂಡರೂ ನಾಳೆಗೆ ಪ್ರಯೋಜನವಿಲ್ಲ.

ನಿಜವಾದ ತೂತು ಬೇರೆ ಕಡೆ ಇದೆ. ಅಮ್ಮನ ಫೋನಿನ ಪ್ಯಾಟರ್ನ್ ಮಕ್ಕಳಿಗೆ ಗೊತ್ತಿರುತ್ತದೆ. ಟ್ಯಾಬ್‌ಗೆ ಎಷ್ಟೇ ಬೀಗ ಹಾಕಿದರೂ ಅಮ್ಮನ ಫೋನ್ ತೆರೆದು ಹೆಚ್ಚುವರಿ ಸಮಯ ತಾವೇ ಕೊಟ್ಟುಕೊಂಡರೆ ಮುಗಿಯಿತು. "ಅಕ್ಕಾ, ಮೊದಲು ನಿನ್ನ ಪ್ಯಾಟರ್ನ್ ಬದಲಾಯಿಸು" ಅಂದಾಗ ಮಗ ಬಾಗಿಲ ಹಿಂದಿನಿಂದ "ಚಿಕ್ಕಮ್ಮ, ನೀವು ಯಾವಾಗ ಮನೆಗೆ ಹೋಗುವುದು?" ಅಂತ ಕೇಳಿದ.

ಇನ್ನೆರಡು ಬೀಗಗಳ ಬಗ್ಗೆ ಚಿಕ್ಕದಾಗಿ. ಪ್ಲೇ ಸ್ಟೋರ್‌ನ ಒಳಗೂ `Parental controls` ಅಂತ ಇದೆ, ಅದಕ್ಕೆ ಪಿನ್ ಹಾಕಬಹುದು. ಅದು ಯಾವ ವಯಸ್ಸಿನ ಆ್ಯಪ್ ಇಳಿಸಬಹುದು ಅಂತ ಮಾತ್ರ ತಡೆಯುತ್ತದೆ, ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ. ಸೆಟ್ಟಿಂಗ್ಸ್‌ನ `Digital Wellbeing` ಒಳಗೆ ಆ್ಯಪ್‌ಗೆ ಟೈಮರ್ ಹಾಕಬಹುದು, ಆದರೆ ಅದು ದೊಡ್ಡವರು ತಮಗೆ ತಾವೇ ಹಾಕಿಕೊಳ್ಳುವಂಥದ್ದು. ಹಾಕಿದ ಜಾಗದಲ್ಲೇ ಮಗು ತೆಗೆಯಬಹುದು.

ಗೂಗಲ್ ಇಲ್ಲದ ಟ್ಯಾಬ್ ಆದರೆ

ವಾವೇ ಟ್ಯಾಬ್‌ನಲ್ಲಿ ಭಾಷೆ ಬದಲಿಸುವ ದಾರಿಯೂ `System` ಒಳಗಿನಿಂದಲೇ. ಮಿತಿ ಹಾಕಲು ಸೆಟ್ಟಿಂಗ್ಸ್‌ನಲ್ಲಿ `Digital balance` ಎಂಬ ವಿಭಾಗ ಇದೆ. ಅದರಲ್ಲಿ ದಿನದ ಹೊತ್ತು, ಆ್ಯಪ್‌ಗಳ ಹೊತ್ತು, ಮಲಗುವ ಸಮಯ ಹಾಕಿ ಪಿನ್ ಕೊಡಬಹುದು. ಇದನ್ನೆಲ್ಲ ಟ್ಯಾಬ್‌ನಲ್ಲೇ ಕೂತು ಮಾಡಬೇಕು, ಆದ್ದರಿಂದ ಇಲ್ಲಿ ಭಾಷೆ ಬದಲಿಸದೆ ಕೆಲಸ ಆಗುವುದೇ ಇಲ್ಲ. ಪಿನ್ ಮರೆತರೆ ಬಿಡಿಸಲು ಕೇಳುವ ಪ್ರಶ್ನೆ-ಉತ್ತರವನ್ನು ಮೊದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಟ್ಯಾಬ್‌ನ ಕವರಿನ ಹಿಂದೆ ಬೇಡ.